ಮೃದಂಗದ ಎರಡು ಮುಚ್ಚಿಗೆಗೆ ಎರಡು ಮೈಕು: ಯಾವ ಜೋಡಿ, ಯಾವ ಸಭಾಂಗಣಕ್ಕೆ?

ರಾಮನವಮಿ, ಗಣೇಶೋತ್ಸವದ ಕಚೇರಿಗಳು ಹತ್ತಿರವಾದಾಗ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಡೆಯ ಸಂಘಟಕರು ಮತ್ತು ಮೈಕ್‌ಸೆಟ್ಟಿನವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮೃದಂಗಕ್ಕೆ ಎರಡೂ ಕಡೆ ಹತ್ತಿರದಿಂದ ಮೈಕು ಇಟ್ಟರೆ ಎಡಗಡೆ ಗುಮ್ಮೆಂದು ಮೊಳಗುತ್ತದೆ, ಬಲಗಡೆ ಠಣ್ಣೆಂದು ಕಿವಿಗೆ ಚುಚ್ಚುತ್ತದೆ. ಹಾಗಾದರೆ ಇರುವ ಮಾಮೂಲಿ ಮೈಕುಗಳೇ ಸಾಕೇ, ಡ್ರಮ್ಮಿನ ಬಾಸ್ ಮೈಕು ತರಬೇಕೇ, ಅಥವಾ ವಾದ್ಯಕ್ಕೇ ಸಿಕ್ಕಿಸುವ ಪುಟ್ಟ ಕಂಡೆನ್ಸರ್‌ಗಳನ್ನು ಕೊಳ್ಳಬೇಕೇ? ಇದಕ್ಕೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ. ಆದರೆ ಯಾವುದನ್ನು ನೋಡಿ ತೀರ್ಮಾನಿಸಬೇಕು ಎಂಬುದು ತಿಳಿದರೆ ಆಯ್ಕೆ ಕಷ್ಟವಲ್ಲ.

ನಾನು ನೋಡುವ ಅಳತೆಗೋಲುಗಳು ನಾಲ್ಕು. ಎಡ ಮುಚ್ಚಿಗೆಯ ತಗ್ಗು ನಾದವನ್ನು ಮೈಕು ಇದ್ದಂತೆ ಕೊಡುತ್ತದೆಯೇ ಅಥವಾ ತಾನೇ ಉಬ್ಬಿಸುತ್ತದೆಯೇ ಎಂಬುದು ಮೊದಲನೆಯದು. ವೇದಿಕೆಯ ಮೇಲಿನ ಮಾನಿಟರ್ ಮತ್ತು ಸಭೆಯ ಸ್ಪೀಕರುಗಳ ಧ್ವನಿ ಆ ಮೈಕಿಗೆ ಎಷ್ಟು ಹೊಕ್ಕುತ್ತದೆ ಎಂಬುದು ಎರಡನೆಯದು. ವಾದಕರು ಮಧ್ಯೆ ಕಲ್ಲು ಹಿಡಿದು ಶ್ರುತಿ ಸರಿಪಡಿಸುವಾಗ, ತೊಪ್ಪಿಗೆ, ಅಂದರೆ ಎಡ ಮುಚ್ಚಿಗೆಗೆ, ನೀರು ಸವರುವಾಗ ಮೈಕು ಅಡ್ಡ ಬರುತ್ತದೆಯೇ ಎಂಬುದು ಮೂರನೆಯದು. ನಾಲ್ಕನೆಯದು ನಮ್ಮ ಮಲೆನಾಡಿಗೇ ಸೇರಿದ್ದು: ಆಷಾಢ, ಶ್ರಾವಣದ ಥಂಡಿಯಲ್ಲಿ ಆ ಮೈಕು ಕೆಲಸ ಮಾಡುತ್ತದೆಯೇ. ಹಣದ ಮಾತನ್ನು ನಾನು ಇವುಗಳ ನಂತರವೇ ಇಡುತ್ತೇನೆ, ಏಕೆಂದರೆ ಮೊಳಗು ಮತ್ತು ಠಣತ್ಕಾರದ ಬಹುಭಾಗ ಮೈಕಿನ ಬೆಲೆಯಿಂದ ಬರುವುದಿಲ್ಲ, ಅದನ್ನು ಇಟ್ಟ ಜಾಗದಿಂದ ಬರುತ್ತದೆ.

ಮೊದಲು ಮೊಳಗು ಎಲ್ಲಿಂದ ಬರುತ್ತದೆ ಎಂದು ನೋಡೋಣ. ಒಂದೇ ದಿಕ್ಕಿನಿಂದ ಹೆಚ್ಚು ಕೇಳಿಸಿಕೊಳ್ಳುವ ಯಾವುದೇ ಮೈಕು, ಅಂದರೆ ಕಾರ್ಡಿಯಾಯ್ಡ್ ಮೈಕು, ನಾದದ ಮೂಲಕ್ಕೆ ಹತ್ತಿರವಾದಷ್ಟೂ ತಗ್ಗಿನ ಸ್ವರಗಳನ್ನು ಹೆಚ್ಚಿಸುತ್ತದೆ. ತೊಪ್ಪಿಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಮೈಕು ಇಟ್ಟರೆ 200 ಹರ್ಟ್ಸ್‌ಗಿಂತ ಕೆಳಗಿನ ಭಾಗ ವಾದ್ಯದಲ್ಲಿ ಇರುವುದಕ್ಕಿಂತ ಬಹಳ ದಪ್ಪವಾಗಿ ಬರುತ್ತದೆ. ಅದನ್ನೇ ಒಂದು ಗೇಣಿಗೆ ಸರಿಸಿದರೆ ಆ ಉಬ್ಬು ಗಮನಾರ್ಹವಾಗಿ ಇಳಿಯುತ್ತದೆ. ದೂರ ಹೋದಷ್ಟೂ ಗೇನ್ ಹೆಚ್ಚಿಸಬೇಕಾಗುತ್ತದೆ, ಗೇನ್ ಹೆಚ್ಚಿದಷ್ಟೂ ಸ್ಪೀಕರಿನ ಸದ್ದು ಮರಳಿ ಮೈಕಿಗೆ ನುಗ್ಗುತ್ತದೆ. ಎಡಗಡೆಯ ಮೈಕಿನ ಇಡೀ ಸಮಸ್ಯೆ ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದೇ ಆಗಿದೆ.

ಇದರ ಜೊತೆಗೆ ನಮ್ಮ ಕಚೇರಿಯ ಕುಳಿತುಕೊಳ್ಳುವ ಕ್ರಮವೂ ಸೇರಿಕೊಳ್ಳುತ್ತದೆ. ಬಲಗೈ ವಾದಕರು ಗಾಯಕರ ಬಲಗಡೆ, ಗಾಯಕರ ಕಡೆಗೆ ಮುಖ ಮಾಡಿ ಕುಳಿತಾಗ ಬಲ ಮುಚ್ಚಿಗೆ ಸಭೆಯ ಕಡೆಗೂ ತೊಪ್ಪಿ ಹಿಂಬದಿಯ ಗೋಡೆಯ ಕಡೆಗೂ ಇರುತ್ತವೆ. ಹಾಗಾಗಿ ಬಲಗಡೆಯ ಮೈಕಿನ ಬೆನ್ನು ಸಭೆಯ ಸ್ಪೀಕರುಗಳ ಕಡೆಗೆ ತಿರುಗಿರುತ್ತದೆ, ಕಾರ್ಡಿಯಾಯ್ಡ್ ಮೈಕು ಬೆನ್ನಿನ ಕಡೆಯಿಂದ ಬರುವುದನ್ನು ಅತಿ ಕಡಿಮೆ ಕೇಳಿಸಿಕೊಳ್ಳುವುದರಿಂದ ಅದು ಸುರಕ್ಷಿತ. ಎಡಗಡೆಯ ಮೈಕಿನದು ಇದಕ್ಕೆ ತದ್ವಿರುದ್ಧ: ಅದು ಗೋಡೆಯ ಕಡೆ ನಿಂತು, ತೊಪ್ಪಿಯನ್ನೂ ಅದರ ಆಚೆಗೆ ಸ್ಪೀಕರುಗಳನ್ನೂ ಸಭೆಯನ್ನೂ ಒಟ್ಟಿಗೆ ನೋಡುತ್ತಿರುತ್ತದೆ. ತಗ್ಗಿನ ಸ್ವರಗಳು ಸ್ಪೀಕರಿನಿಂದ ಎಲ್ಲ ದಿಕ್ಕಿಗೂ ಹರಡುವುದರಿಂದ ಅವು ಮರಳಿ ಸಿಕ್ಕಿಬೀಳುವುದು ಮೊದಲು ಈ ಮೈಕಿನಲ್ಲೇ. ಎಡಗಡೆ ಮಾತ್ರ ಏಕೆ ಇಷ್ಟು ತೊಂದರೆ ಕೊಡುತ್ತದೆ ಎಂದು ಕೇಳುವವರಿಗೆ ನಾನು ಕೊಡುವ ಮುಖ್ಯ ಉತ್ತರ ಇದು. ಎಡಗೈ ವಾದಕರು ಇನ್ನೊಂದು ಬದಿಯಲ್ಲಿ ಕುಳಿತರೂ ಬಲ ಮುಚ್ಚಿಗೆ ಸಭೆಯ ಕಡೆಗೇ ಬರುವುದರಿಂದ ಈ ಮಾತು ಅವರಿಗೂ ಅನ್ವಯಿಸುತ್ತದೆ.

ಠಣತ್ಕಾರದ ವಿಷಯ ಬೇರೆ. ಬಲ ಮುಚ್ಚಿಗೆಯ ನಡುವಿನ ಕರಣೆಯ ಭಾರದಿಂದಾಗಿ ಅದರ ಮೇಲ್‌ಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂಬ ಕ್ರಮದಲ್ಲಿ ಕೂಡಿಕೊಂಡು ಬರುತ್ತವೆ. ಸಾಮಾನ್ಯ ಚರ್ಮವಾದ್ಯಗಳಲ್ಲಿ ಇದಿಲ್ಲ. ಸಿ. ವಿ. ರಾಮನ್ ಅವರು 1920ರಲ್ಲೇ ಇದನ್ನು ಗುರುತಿಸಿ ಬರೆದಿದ್ದರು. ಅಂದರೆ ನಂಕಾರದ ಝೇಂಕಾರ ದೋಷವಲ್ಲ, ಅದು ವಾದ್ಯದ ಶ್ರುತಿಯೇ. ಈಕ್ಯೂವಿನಲ್ಲಿ ಅದನ್ನು ಆಳವಾಗಿ ಕತ್ತರಿಸಿದವರು ಮೃದಂಗದ ಷಡ್ಜವನ್ನೇ ಕತ್ತರಿಸಿದಂತಾಗುತ್ತದೆ. ನಿಜವಾಗಿ ಚುಚ್ಚುವುದು ಅಂಚಿನ ಮೀಟಿನ ಚರ್ಮದ ಸದ್ದು ಮತ್ತು ಚಾಪಿನ ಮೇಲುತುದಿ. ಇವು ಮೈಕು ಅಂಚಿಗೆ ನೇರವಾಗಿ ಗುರಿಯಿಟ್ಟಾಗ ಅತಿಯಾಗುತ್ತವೆ, ಕರಣೆಯ ಕಡೆಗೆ ಓರೆಯಾಗಿ ತಿರುಗಿಸಿದಾಗ ಹದಕ್ಕೆ ಬರುತ್ತವೆ.

ಯಾವ ಮೈಕು ಎಂದು ಯೋಚಿಸುವ ಮೊದಲು ದೋಷ ಎಲ್ಲಿದೆ ಎಂದು ತಿಳಿಯಲು ಕೈಪರೀಕ್ಷೆಯೊಂದಿದೆ. ವಾದಕರು ತೊಪ್ಪಿಯನ್ನು ಒಮ್ಮೆ ತೆರೆದು ಬಾರಿಸಿ, ಕೂಡಲೇ ಅಂಗೈಯಿಂದ ಚರ್ಮವನ್ನು ಅದುಮಲಿ. ಅದುಮಿದ ಮೇಲೂ ಸಭೆಯಲ್ಲಿ ಮೊಳಗು ಉಳಿದರೆ ಅದು ಸ್ಪೀಕರು, ಮಾನಿಟರ್, ಕೋಣೆಯ ಕೆಲಸ; ಅದುಮಿದೊಡನೆ ನಿಂತರೆ ಅದು ವಾದ್ಯದಿಂದ ಅಥವಾ ಮೈಕಿನ ಸಾಮೀಪ್ಯದಿಂದ ಬರುವಂಥದ್ದು. ಬಲಗಡೆಗೂ ಇದೇ ಪರೀಕ್ಷೆ. ಜೊತೆಗೆ ಸಂಗೀತಗಾರರ ಕಿವಿ ಇಲ್ಲಿ ಯಂತ್ರಕ್ಕಿಂತ ಬೇಗ ಹೇಳುತ್ತದೆ: ಉಳಿದುಕೊಂಡ ಸದ್ದು ತಂಬೂರಿಗೆ ಸೇರದೆ ಅಪಶ್ರುತಿಯಾಗಿದ್ದರೆ ಅದು ಕೋಣೆಯ ಸ್ವರ, ಮೃದಂಗದ್ದಲ್ಲ. ಕೋಣೆಯ ದೋಷವನ್ನು ಎಷ್ಟೇ ದುಬಾರಿ ಮೈಕು ತಂದರೂ ಸರಿಪಡಿಸಲಾಗದು.

ಈಗ ಆಯ್ಕೆಗಳಿಗೆ ಬರೋಣ. ಹೆಚ್ಚಿನವರ ಬಳಿ ಈಗಾಗಲೇ ಇರುವುದು ಎರಡು ಡೈನಾಮಿಕ್ ಮೈಕುಗಳು, ಶೂರ್ ಎಸ್‌ಎಂ 57, ಎಸ್‌ಎಂ 58ರ ಜಾತಿಯವು. ಇವುಗಳಿಗೆ ಫ್ಯಾಂಟಮ್ ಪವರ್ ಬೇಡ, ಥಂಡಿಗೆ ಹೆದರುವುದಿಲ್ಲ, ಬಿದ್ದರೂ ಬಹುಮಟ್ಟಿಗೆ ಬದುಕುತ್ತವೆ. ತೊಪ್ಪಿಗೆ ಇವು ಸಾಲವು ಎಂಬ ಮಾತು ಆಗಾಗ ಕೇಳಿಬರುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಅತಿ ತಗ್ಗಿನಲ್ಲಿ ಈ ಮೈಕುಗಳು ತಾವಾಗಿಯೇ ಇಳಿಯುತ್ತವೆ, ಆ ಇಳಿತವನ್ನು ಸಾಮೀಪ್ಯದ ಉಬ್ಬು ತುಂಬಿಕೊಡುತ್ತದೆ. ಹನ್ನೆರಡರಿಂದ ಹದಿನೈದು ಸೆಂಟಿಮೀಟರ್ ದೂರದಲ್ಲಿ ಇವೆರಡೂ ಸರಿಸುಮಾರು ಒಂದನ್ನೊಂದು ಸರಿದೂಗಿಸುತ್ತವೆ. ಬಲಗಡೆ ಇವುಗಳ ದೌರ್ಬಲ್ಯವೆಂದರೆ ಐದಾರು ಸಾವಿರ ಹರ್ಟ್ಸ್‌ನ ಆಸುಪಾಸಿನಲ್ಲಿ ಇರುವ ಏರು, ಅದು ಬೆರಳಿನ ಸದ್ದನ್ನು ಮುಂದೆ ತರುತ್ತದೆ. ಮೈಕನ್ನು ಮುಚ್ಚಿಗೆಗೆ ನೇರ ಇಡದೆ ಮೂವತ್ತು ಡಿಗ್ರಿಯಷ್ಟು ಓರೆ ಮಾಡಿದರೆ ಆ ಏರು ಸಾಕಷ್ಟು ಮಣಿಯುತ್ತದೆ. ಕಳೆದುಕೊಳ್ಳುವುದು ಏನೆಂದರೆ, ಕೀಳುಕಾಲದಲ್ಲಿ ನವಿರಾಗಿ ನುಡಿಸುವ ವಾದಕರ ಬೆರಳತುದಿಯ ಸೂಕ್ಷ್ಮಗಳು ಸ್ವಲ್ಪ ಮಸುಕಾಗುತ್ತವೆ.

ಎರಡನೆಯ ಆಯ್ಕೆ ಎಡಗಡೆಗೆ ಡ್ರಮ್ ಸೆಟ್ಟಿನ ದೊಡ್ಡ ಬಾಸ್ ಡ್ರಮ್ಮಿನ ಮೈಕು, ಎಕೆಜಿ ಡಿ112, ಶೂರ್ ಬೀಟಾ 52ರಂಥವು. ಆರ್ಕೆಸ್ಟ್ರಾ ನಡೆಸುವ ಸೌಂಡಿನವರ ಬಳಿ ಇದು ಇದ್ದೇ ಇರುತ್ತದೆ, ಒಳ್ಳೆಯ ಮನಸ್ಸಿನಿಂದ ತಂದಿಡುತ್ತಾರೆ. ಕಚೇರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಈ ಮೈಕುಗಳು ತಗ್ಗನ್ನು ಮತ್ತು ಹೊಡೆತದ ತುದಿಯನ್ನು ಎತ್ತಿ, ನಡುವಿನ ಭಾಗವನ್ನು ತಗ್ಗಿಸುವಂತೆ ರೂಪುಗೊಂಡಿವೆ. ತೊಪ್ಪಿಯ ಗುಮಕಿ, ಅಂದರೆ ಅಂಗೈಯ ಬುಡವನ್ನು ಒತ್ತಿ ಸ್ವರವನ್ನು ಏರಿಸುವ ಆ ಜಾರು, ಕೇಳಿಸುವುದೇ ಆ ನಡುವಿನ ಭಾಗದಿಂದ. ಗುಮಕಿ ಮಾಯವಾಗಿ ಬರೀ ಹೊಡೆತ ಉಳಿಯುತ್ತದೆ. ತೆರೆದ ಮೈದಾನದಲ್ಲಿ, ಗೋಡೆಯೇ ಇಲ್ಲದ ಕಡೆ, ಭರತನಾಟ್ಯಕ್ಕೆ ತೊಪ್ಪಿಯ ಭಾರ ಬೇಕಾದಾಗ ಮಾತ್ರ ಇದಕ್ಕೊಂದು ಜಾಗವಿದೆ.

ಮೂರನೆಯದು ನನಗೆ ಬಹಳ ಇಷ್ಟವಾದ ಜೋಡಿ: ಬಲಗಡೆಗೆ ತೆಳು ಕಡ್ಡಿಯಾಕಾರದ ಸಣ್ಣ ಕಂಡೆನ್ಸರ್, ಎಡಗಡೆಗೆ ಅದೇ ಹಳೆಯ ಡೈನಾಮಿಕ್. ಶೂರ್ ಎಸ್‌ಎಂ 81ರಂಥ ಕಂಡೆನ್ಸರ್ ನಂಕಾರದ ಝೇಂಕಾರವನ್ನು ಮೇಲಿನವರೆಗೂ ಸಮನಾಗಿ ಕೊಡುತ್ತದೆ, ಆದ್ದರಿಂದ ಈಕ್ಯೂವಿನಲ್ಲಿ ಏನನ್ನೂ ಎತ್ತಬೇಕಾಗುವುದಿಲ್ಲ. ಅದರ ಮೈಮೇಲೇ ತಗ್ಗನ್ನು ಕತ್ತರಿಸುವ ಸ್ವಿಚ್ಚೂ ಇರುತ್ತದೆ. ಇದಕ್ಕೆ ಕೊಡುವ ಬೆಲೆ ಎರಡು ಬಗೆಯದು. ಕಂಡೆನ್ಸರ್ ದೂರದ್ದನ್ನೂ ಸ್ಪಷ್ಟವಾಗಿ ಎತ್ತುವುದರಿಂದ ಮಾನಿಟರ್ ಗಟ್ಟಿಯಾಗಿದ್ದರೆ ಕುಯ್ಯೆನ್ನುವ ಸಾಧ್ಯತೆ ಹೆಚ್ಚು. ಮತ್ತೆ ಮಳೆಗಾಲ: ಅದರ ಒಳಗಿನ ತೆಳುಪೊರೆಗೆ ತೇವ ಕೂತರೆ ಚಟಪಟ ಸದ್ದು, ಕೆಲವೊಮ್ಮೆ ಪೂರ್ತಿ ಮೌನ. ಆಗುಂಬೆ, ಹೊಸನಗರದ ಕಡೆ ಜುಲೈನಲ್ಲಿ ಕಚೇರಿ ಇದ್ದರೆ ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿ ಕಂಡೆನ್ಸರನ್ನು ತರಬೇಕು, ಪಕ್ಕದಲ್ಲಿ ಒಂದು ಡೈನಾಮಿಕ್ ಸಿದ್ಧವಿರಬೇಕು. ಅಷ್ಟು ಜೋಪಾನ ಮಾಡಲಾಗದವರು ಈ ಆಯ್ಕೆಯನ್ನು ಬಿಡುವುದು ಲೇಸು.

ನಾಲ್ಕನೆಯದು ವಾದ್ಯಕ್ಕೇ ಸಿಕ್ಕಿಸುವ, ಬಾಗುವ ಕೊರಳಿನ ಪುಟ್ಟ ಕಂಡೆನ್ಸರ್ ಜೋಡಿ. ವಾದಕರು ಅತ್ತಿತ್ತ ಸರಿದರೂ ಮೈಕಿನ ದೂರ ಬದಲಾಗುವುದಿಲ್ಲ, ಸ್ಟ್ಯಾಂಡುಗಳಿಲ್ಲದೆ ವೇದಿಕೆ ಚೆನ್ನಾಗಿ ಕಾಣುತ್ತದೆ, ಊರೂರು ಸುತ್ತುವ ವಾದಕರಿಗೆ ಪ್ರತಿ ಸಭೆಯಲ್ಲೂ ಒಂದೇ ನಾದ ಸಿಗುತ್ತದೆ. ಆದರೆ ಬಾರುಗಳ ಮೇಲೆ ಕೂತ ಹಿಡಿಕೆ ಮರದ ಕಳಸಿಯ ಮೂಲಕ ಬರುವ ಪ್ರತಿ ತಟ್ಟನ್ನೂ ಮೈಕಿಗೆ ಸಾಗಿಸುತ್ತದೆ. ಶ್ರುತಿಗಾಗಿ ಮುಚ್ಚಿಗೆಯ ಅಂಚನ್ನು ಕಲ್ಲಿನಿಂದ ಬಡಿಯುವಾಗ ಹಿಡಿಕೆ ಸಡಿಲವಾಗುತ್ತದೆ ಮತ್ತು ಆ ಬಡಿತ ಸಭೆಗೆಲ್ಲ ಕೇಳುತ್ತದೆ. ಬೆಲೆಯೂ ಡೈನಾಮಿಕ್ ಜೋಡಿಗಿಂತ ಬಹಳ ಹೆಚ್ಚು. ಹತ್ತಿರದಲ್ಲೇ ಕೂತಿರುವುದರಿಂದ ಸಾಮೀಪ್ಯದ ಉಬ್ಬೂ ಇಲ್ಲಿ ಪೂರ್ತಿ ಇರುತ್ತದೆ, ಅಂದರೆ ಮೊಳಗಿಗೆ ಇದು ಮದ್ದಲ್ಲ. ಇದು ವಾದಕರು ತಮಗಾಗಿ ಕೊಳ್ಳುವ ಮೈಕು. ಸಭೆಯವರು ಕೊಂಡಿಡುವಂಥದ್ದಲ್ಲ ಎಂಬುದು ನನ್ನ ನಿಲುವು.

ಯಾವ ಜೋಡಿಯನ್ನು ಆರಿಸಿದರೂ ಎರಡು ಮೈಕುಗಳ ಪರಸ್ಪರ ಸಂಬಂಧವೊಂದನ್ನು ತಿಳಿದಿರಲೇಬೇಕು. ತೊಪ್ಪಿಯನ್ನು ಬಾರಿಸಿದಾಗ ಚರ್ಮ ಒಳಕ್ಕೆ ಹೋಗುತ್ತದೆ, ಕಳಸಿಯೊಳಗಿನ ಗಾಳಿ ಬಲ ಮುಚ್ಚಿಗೆಯನ್ನು ಹೊರಕ್ಕೆ ನೂಕುತ್ತದೆ. ಎಡಗಡೆಯ ಮೈಕಿನಿಂದ ಚರ್ಮ ದೂರ ಸರಿಯುವ ಅದೇ ಗಳಿಗೆಯಲ್ಲಿ ಬಲಗಡೆಯ ಮೈಕಿನ ಕಡೆಗೆ ಚರ್ಮ ಬರುತ್ತಿರುತ್ತದೆ. ಮಿಕ್ಸರಿನಲ್ಲಿ ಎರಡನ್ನೂ ಕೂಡಿಸಿದಾಗ ತಗ್ಗಿನ ಭಾಗದಲ್ಲಿ ಒಂದು ಇನ್ನೊಂದನ್ನು ಕಳೆಯುತ್ತದೆ. ತೊಪ್ಪಿ ಒಂಟಿಯಾಗಿ ಕೇಳಿದಾಗ ದಪ್ಪ, ಬಲಗಡೆಯ ಫೇಡರ್ ಏರಿಸಿದೊಡನೆ ತೆಳು ಎಂದಾದರೆ ಕಾರಣ ಇದೇ. ಆಗ ಸೌಂಡಿನವರು ಬಾಸ್ ಗುಂಡಿಯನ್ನು ತಿರುಗಿಸಿ ತುಂಬುತ್ತಾರೆ, ಹಾಗೆ ತುಂಬಿದ್ದೇ ಸಭೆಯ ಹಿಂದೆ ಮೊಳಗಾಗಿ ಕಾಡುತ್ತದೆ. ಮಾಡಬೇಕಾದದ್ದು ಒಂದು ಚಾನೆಲ್ಲಿನ ಪೊಲಾರಿಟಿಯನ್ನು ತಿರುಗಿಸಿ, ಯಾವುದು ತುಂಬು ನಾದ ಕೊಡುತ್ತದೋ ಅದನ್ನು ಇಟ್ಟುಕೊಳ್ಳುವುದು. ಸಣ್ಣ ಮಿಕ್ಸರುಗಳಲ್ಲಿ ಈ ಗುಂಡಿ ಇರುವುದಿಲ್ಲ. ಎರಡು ಮತ್ತು ಮೂರನೆಯ ಪಿನ್ನುಗಳ ತಂತಿಯನ್ನು ಅದಲುಬದಲು ಬೆಸೆದ ಒಂದು ಮೈಕ್ ಕೇಬಲ್ಲನ್ನು ಮಾಡಿಸಿ, ಕೆಂಪು ಟೇಪು ಸುತ್ತಿ ಗುರುತಿಟ್ಟುಕೊಂಡರೆ ಅದೇ ಸಾಕು. ಇದಕ್ಕೆ ತಗಲುವ ಖರ್ಚು ಹೊಸ ಮೈಕಿಗೆ ಹೋಲಿಸಿದರೆ ಏನೇನೂ ಅಲ್ಲ.

ಒಂದು ಸಂದರ್ಭವನ್ನು ಹಂತಹಂತವಾಗಿ ನೋಡೋಣ. ತೀರ್ಥಹಳ್ಳಿಯಂಥ ಊರಿನ ಒಂದು ಕಲ್ಯಾಣ ಮಂಟಪ: ತಗಡಿನ ಮಾಡು, ನುಣುಪಾದ ನೆಲ, ಹಲಗೆ ಜೋಡಿಸಿದ ಟೊಳ್ಳು ವೇದಿಕೆ, ಹೊರಗೆ ಮಳೆ. ಗಾಯಕರ ಶ್ರುತಿ ಒಂದು ಮನೆ. ಕೈಯಲ್ಲಿರುವುದು ಎರಡು ಡೈನಾಮಿಕ್ ಮೈಕು, ಗಿಡ್ಡ ಸ್ಟ್ಯಾಂಡು, ನಡುಸ್ವರದ ಆವರ್ತನವನ್ನು ತಿರುಗಿಸಿ ಹುಡುಕಬಹುದಾದ ಒಂದು ಸಣ್ಣ ಮಿಕ್ಸರ್. ಮಳೆಗಾಲದ ತೇವಕ್ಕೆ ಚರ್ಮ ಸಡಿಲಿಸಿ ತೊಪ್ಪಿ ಎಂದಿಗಿಂತ ಮೆದುವಾಗಿ ಗುಮ್ಮೆನ್ನುತ್ತಿದೆ, ಅದರ ನಡುವೆ ಹಚ್ಚಿದ ರವೆಯ ಮುದ್ದೆಯೂ ಬೇಗ ಒಣಗುವುದಿಲ್ಲ. ಹಾಗಾಗಿ ವಾದಕರು ಮೊದಲು ಮೈಕಿಲ್ಲದೆ ನುಡಿಸಲಿ, ರವೆಯನ್ನು ಬೇಕಿದ್ದರೆ ಕಡಿಮೆ ಮಾಡಿಕೊಳ್ಳಲಿ, ಅಂತಿಮ ಶ್ರುತಿ ಕೂಡಿದ ಮೇಲೆಯೇ ಮೈಕಿನ ಕೆಲಸ.

ಸ್ಟ್ಯಾಂಡುಗಳ ಕೆಳಗೆ ಮಡಿಸಿದ ಜಮಖಾನೆ ಹಾಕಬೇಕು, ಇಲ್ಲವಾದರೆ ಹಲಗೆಯ ಕಂಪನ ನೇರ ಮೈಕಿಗೆ ಏರುತ್ತದೆ. ಎಡಗಡೆಯ ಮೈಕು ತೊಪ್ಪಿಯಿಂದ ಹದಿನೈದು ಸೆಂಟಿಮೀಟರ್ ದೂರದಲ್ಲಿ, ರವೆಗೂ ಅಂಚಿಗೂ ನಡುವೆ ನೋಡುತ್ತಿರಲಿ. ಬಲಗಡೆಯದು ಹನ್ನೆರಡು ಸೆಂಟಿಮೀಟರಿನಲ್ಲಿ, ಕೈಗೆ ತಾಗದಂತೆ ಸ್ವಲ್ಪ ಕೆಳಗಿನಿಂದ, ಕರಣೆಯ ಅಂಚಿನ ಕಡೆಗೆ ಓರೆಯಾಗಿ ನಿಲ್ಲಲಿ. ಎರಡೂ ಚಾನೆಲ್ಲಿನಲ್ಲಿ ಲೋ ಕಟ್ ಒತ್ತಿ. ಸಾಮಾನ್ಯವಾಗಿ ಅದು 75ರಿಂದ 100 ಹರ್ಟ್ಸ್‌ನ ಕೆಳಗಿನದನ್ನು ಇಳಿಸುತ್ತದೆ, ತೊಪ್ಪಿಗೆ ಅದರಿಂದ ನಷ್ಟವಿಲ್ಲ. ಗೇನನ್ನು ತನಿ ಆವರ್ತನದ ಮುಕ್ತಾಯದಲ್ಲಿ ನುಡಿಸುವಷ್ಟು ಗಟ್ಟಿಯಾಗಿ ಬಾರಿಸಲು ಹೇಳಿ ನಿಗದಿಮಾಡಬೇಕು, ಸಾಧಾರಣ ಸರ್ವಲಘುವಿಗಲ್ಲ.

ಈಗ ತೊಪ್ಪಿ ಮಾತ್ರ. ಫೇಡರ್ ಏರಿಸಿ ಕೈಪರೀಕ್ಷೆ ಮಾಡಿದಾಗ ಅದುಮಿದ ಮೇಲೂ ಮೊಳಗು ಉಳಿಯುತ್ತದೆ ಎಂದುಕೊಳ್ಳೋಣ. ಮೊದಲು ಮಾನಿಟರಿಗೆ ಹೋಗುವ ಎಡ ಮೈಕಿನ ದಾರಿಯನ್ನು ಪೂರ್ತಿ ಮುಚ್ಚಬೇಕು; ವಾದಕರಿಗೆ ತೊಪ್ಪಿ ತೊಡೆಯ ಮೇಲೇ ಕೇಳಿಸುತ್ತಿರುತ್ತದೆ, ಅವರಿಗೆ ಬೇಕಾದದ್ದು ಗಾಯನ ಮತ್ತು ಶ್ರುತಿ. ಇನ್ನೂ ಉಳಿದರೆ ಎಡ ಮೈಕನ್ನು ಮ್ಯೂಟ್ ಮಾಡಿ ನೋಡಬೇಕು: ಆಗಲೂ ಮೊಳಗಿದರೆ ಅದು ಗಾಯಕರ ಮೈಕಿನ ಮೂಲಕ ಬರುತ್ತಿದೆ, ಅಲ್ಲಿಯೂ ಲೋ ಕಟ್ ಒತ್ತಬೇಕು. ಮ್ಯೂಟ್ ಮಾಡಿದಾಗ ನಿಂತರೆ ಮೈಕನ್ನು ಹತ್ತು ಸೆಂಟಿಮೀಟರಿಗೆ ತಂದು ಗೇನ್ ಇಳಿಸಿ, ಹಾಗೆ ಸಾಮೀಪ್ಯದಿಂದ ಹುಟ್ಟಿದ ದಪ್ಪವನ್ನು ಬಾಸ್ ಗುಂಡಿಯಲ್ಲಿ ಮೂರು ನಾಲ್ಕು ಡೆಸಿಬೆಲ್ ಕಳೆಯಬೇಕು. ಮರುದನಿಸುವ ಕೋಣೆಯಲ್ಲಿ ದೂರ ಸರಿಸುವುದಕ್ಕಿಂತ ಇದು ಮೇಲು, ಏಕೆಂದರೆ ಕಡಿಮೆ ಗೇನಿನಲ್ಲಿ ಸ್ಪೀಕರಿನ ಸದ್ದು ಒಳಬರುವುದು ತಗ್ಗುತ್ತದೆ. ನಂತರ ಎರಡೂ ಫೇಡರ್ ಏರಿಸಿ ಕೆಂಪು ಟೇಪಿನ ಕೇಬಲ್ಲಿನಿಂದ ಪೊಲಾರಿಟಿಯ ಪರೀಕ್ಷೆ.

ಬಲಗಡೆ ನಂಕಾರ ಉದ್ದಕ್ಕೆ ಎಳೆಯುತ್ತಿದೆ, ಆದರೆ ಬೆರಳಿಟ್ಟರೆ ನಿಲ್ಲುತ್ತದೆ. ಅಂದರೆ ವಾದ್ಯದ್ದೇ. ಒಂದು ಮನೆಯ ಷಡ್ಜದ ಸಾಲು 131, 262, 523, 1046 ಹರ್ಟ್ಸ್ ಎಂದು ಎರಡೆರಡರಷ್ಟಾಗಿ ಏರುತ್ತದೆ. ನಡುಸ್ವರದ ಗುಂಡಿಯನ್ನು ಸ್ವಲ್ಪ ಎತ್ತಿ, ಆವರ್ತನವನ್ನು ನಿಧಾನವಾಗಿ ತಿರುಗಿಸಿದರೆ ಇವುಗಳ ಸಮೀಪದಲ್ಲಿ ಎಲ್ಲೋ ಒಂದು ಕಡೆ ಠಣತ್ಕಾರ ಎದ್ದು ನಿಲ್ಲುತ್ತದೆ. ಅಲ್ಲಿ ಮೂರು ಡೆಸಿಬೆಲ್ ಇಳಿಸಿದರೆ ಸಾಕು. ಆರಕ್ಕಿಂತ ಹೆಚ್ಚು ಇಳಿಸಬೇಕೆನಿಸಿದರೆ ಗುಂಡಿಯನ್ನು ಸೊನ್ನೆಗೆ ತಂದು ಮೈಕನ್ನೇ ಇನ್ನಷ್ಟು ಓರೆ ಮಾಡಬೇಕು. ಅದೇ ಸಂಜೆ ಎರಡನೆಯ ಕಚೇರಿಯಲ್ಲಿ ಐದು ಮನೆಯ ಶ್ರುತಿಯ ಗಾಯಕಿ ಇದ್ದರೆ ವಾದಕರು ಬೇರೆ ಮೃದಂಗ ತೆಗೆಯುತ್ತಾರೆ, ಷಡ್ಜದ ಸಾಲು 196, 392, 784 ಎಂದು ಬದಲಾಗುತ್ತದೆ. ಮೊದಲ ಕಚೇರಿಯ ಈಕ್ಯೂ ಅಲ್ಲಿ ತಪ್ಪು ಜಾಗವನ್ನು ಕತ್ತರಿಸುತ್ತಿರುತ್ತದೆ. ಕೋಣೆಯ ಮರುದನಿಯ ಸ್ವರ ಮಾತ್ರ ಶ್ರುತಿ ಬದಲಾದರೂ ಬದಲಾಗದು, ಅದಕ್ಕಾಗಿ ಮಾಡಿದ ಕಡಿತವನ್ನು ಹಾಗೆಯೇ ಬಿಡಬಹುದು.

ಹೀಗೆ ಕೂಡಿಸಿದ ಮೇಲೆ ಯಾರಿಗೆ ಯಾವುದು ಎಂಬುದು ತಾನಾಗಿ ತಿಳಿಯುತ್ತದೆ. ಹೆಂಚಿನ ಮನೆಯ ಜಗಲಿಯಲ್ಲೋ ನಡುಮನೆಯಲ್ಲೋ ಐವತ್ತು ಜನರ ಮನೆಕಚೇರಿಗೆ ಎಡಗಡೆಯ ಮೈಕೇ ಬೇಡ, ಬಲಗಡೆಗೊಂದು ಇದ್ದರೆ ಹೆಚ್ಚು. ಬಾಡಿಗೆಯ ಮೈಕ್‌ಸೆಟ್ಟಿನ ಮೇಲೆ ನಿಂತಿರುವ ಸಣ್ಣ ಸಭೆಗಳು ಎರಡು ಡೈನಾಮಿಕ್, ಎರಡು ಗಟ್ಟಿ ಗಿಡ್ಡ ಸ್ಟ್ಯಾಂಡು, ಒಂದು ಕೆಂಪು ಟೇಪಿನ ಕೇಬಲ್ಲು ಇಷ್ಟನ್ನು ತಮ್ಮದಾಗಿಸಿಕೊಂಡರೆ ಮುಂದಿನ ಹಣವನ್ನು ವೇದಿಕೆಯ ಹಿಂದಿನ ದಪ್ಪ ಪರದೆಗೆ ಹಾಕಬಹುದು. ತೊಪ್ಪಿ ನೋಡುವ ಗೋಡೆ ಅದೇ ಆದ್ದರಿಂದ ಹಿಂದಿರುಗುವ ಸದ್ದಿನ ಮೇಲುಭಾಗವಾದರೂ ಮೆತ್ತಗಾಗುತ್ತದೆ. ಶಿವಮೊಗ್ಗದ ಕುವೆಂಪು ರಂಗಮಂದಿರದಂಥ ದೊಡ್ಡ ಸಭಾಂಗಣದಲ್ಲಿ, ಪರಿಣತರು ಮಿಕ್ಸರಿನ ಮುಂದೆ ಕೂತಿರುವಾಗ, ಬಲಗಡೆಗೆ ಕಂಡೆನ್ಸರ್ ಹಾಕಿದ ಜೋಡಿ ತನ್ನ ಬೆಲೆಗೆ ತಕ್ಕುದನ್ನು ಕೊಡುತ್ತದೆ. ಧ್ವನಿಮುದ್ರಣವೂ ಇದ್ದರೆ ಅದನ್ನೇ ಆರಿಸಿ.

ಕಚೇರಿ ನಡೆಯುತ್ತಿರುವಾಗ ಗಮನಿಸಬೇಕಾದದ್ದು ಒಂದಿದೆ. ರವೆ ಒಣಗುತ್ತಾ ಬಂದಂತೆ ತೊಪ್ಪಿಯ ಸ್ವರ ಮೇಲೇರಿ ನಾದ ಬಡವಾಗುತ್ತದೆ, ಸೌಂಡಿನವರ ಕೈ ಬಾಸ್ ಗುಂಡಿಗೆ ಹೋಗುತ್ತದೆ. ಅಷ್ಟರಲ್ಲಿ ವಾದಕರು ಬೆರಳಲ್ಲಿ ನೀರು ಸವರುತ್ತಾರೆ, ಏರಿಸಿದ ಬಾಸಿನ ಮೇಲೆ ಹಸಿಯಾದ ತೊಪ್ಪಿ ಸೇರಿ ತನಿಯ ಮೊದಲ ಆವರ್ತನವೇ ಕಲಸಿಹೋಗುತ್ತದೆ. ಆದ್ದರಿಂದ ಗುಂಡಿ ಮುಟ್ಟುವ ಮೊದಲು ವಾದಕರ ಎಡಗೈಯನ್ನು ನೋಡಬೇಕು, ಮತ್ತು ತನಿಗೆ ಏರಿಸುವುದಿದ್ದರೆ ಬಲಗಡೆಯ ಫೇಡರನ್ನು ಮಾತ್ರ ಏರಿಸಬೇಕು.